ಬಾಗಿಲ ಬೆಲ್ ಕ್ಯಾಮೆರಾದ ಆ್ಯಪ್ ಅತ್ತೆಯ ಫೋನಿನಲ್ಲಿ ಮಾತ್ರ ಚೀನೀ ಭಾಷೆಯಲ್ಲಿದೆ, ಅವರು ಏನೋ ಒತ್ತಿಬಿಟ್ಟಿದ್ದಾರೆ

ಸುಮಾ, ಡೊಂಬಿವಲಿ

ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೆಯುತ್ತಿದ್ದೇನೆ. ನಾನು, ಯಜಮಾನರು ಇಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಹಗಲಿಡೀ ಅತ್ತೆ ಒಬ್ಬರೇ ಇರುತ್ತಾರೆ. ಅದಕ್ಕೇ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಿಂದ ಕ್ಯಾಮೆರಾ ಇರುವ ಕಾಲಿಂಗ್ ಬೆಲ್ ತಂದೆವು. ಅಂಗಡಿಯವರೇ ಕಳಿಸಿದ ಹುಡುಗ ಭಾನುವಾರ ಬಂದು ಹಾಕಿಕೊಟ್ಟ. ಅಕೌಂಟ್ ನನ್ನ ಫೋನಿನಲ್ಲಿ, ನನ್ನ ನಂಬರಿನಲ್ಲೇ ಮಾಡಿದ್ದು. ನನಗೆ ಎಲ್ಲಾ ಇಂಗ್ಲಿಷಿನಲ್ಲಿ ಕಾಣುತ್ತದೆ. ಅದೇ ನಂಬರ್, ಅದೇ ಪಾಸ್‌ವರ್ಡ್ ಹಾಕಿ ಅತ್ತೆಯ ಫೋನಿನಲ್ಲೂ ತೆರೆದೆವು. ಅಲ್ಲಿ ಎಲ್ಲಾ ಚೀನೀ ಅಕ್ಷರ! ಅವರ ಫೋನ್ ಪೂರ್ತಿ ಕನ್ನಡದಲ್ಲಿದೆ. ಕುಂದಾಪುರದ ಕಡೆಯವರು, ಓದುವುದು ಕನ್ನಡ ಮಾತ್ರ. ಮರಾಠಿ ಬೋರ್ಡು ಕಷ್ಟಪಟ್ಟು ಓದುತ್ತಾರೆ.

ನಿನ್ನೆ ಮಧ್ಯಾಹ್ನ ಮೂರರ ಹೊತ್ತಿಗೆ ಅತ್ತೆಯ ಫೋನಿನಲ್ಲಿ ಒಂದು ಚೌಕ ಬಂತಂತೆ. ಕೆಳಗೆ ಎರಡು ಗುಂಡಿ, ಎಡಕ್ಕೆ ಬೂದು, ಬಲಕ್ಕೆ ನೀಲಿ. ಬಾಗಿಲಿಗೆ ಯಾರೋ ಬಂದಿದ್ದಾರೆ ಅಂತ ತಿಳಿದು ನೀಲಿ ಒತ್ತಿದ್ದಾರೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಸಂಜೆ ಹೇಳಿದಾಗ ನನ್ನ ಫೋನಿನ ಮೆಸೇಜ್ ಪಟ್ಟಿಯಲ್ಲೂ ಹುಡುಕಿದೆ. ಅದೇ ಸಾಲು ಅಲ್ಲೂ ಇದೆ, ಆದರೆ ಚೀನೀ ಭಾಷೆಯಲ್ಲಿ:

```
用户98******37申请查看该设备,是否同意?
```

ನಡುವೆ ಫೋನ್ ನಂಬರಿನ ತುಂಡು ಕಂಡು ಎದೆ ಧಸಕ್ ಎಂದಿತು. ಏನಿದು? ಅತ್ತೆ ಏನನ್ನು ಒಪ್ಪಿದ್ದಾರೆ?

---

ಕಿರಣ್, ಅಂಧೇರಿ

ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಅತ್ತೆಯ ಫೋನಿನ ಭಾಷೆ ಇಂಗ್ಲಿಷ್ ಮಾಡಿಬಿಡಿ, ಆ್ಯಪ್ ತಾನಾಗಿ ಇಂಗ್ಲಿಷ್ ಆಗುತ್ತದೆ. ಆ್ಯಪ್ ಯಾವತ್ತೂ ಫೋನಿನ ಭಾಷೆಯನ್ನೇ ಹಿಡಿಯುತ್ತದೆ. ಎರಡು ನಿಮಿಷದ ಕೆಲಸ.

---

ಸುಮಾ, ಡೊಂಬಿವಲಿ

ಕಿರಣ್, ಫೋನ್ ಇಂಗ್ಲಿಷ್ ಮಾಡಿದರೆ ಅತ್ತೆಗೆ ಊರಿಗೆ ಫೋನ್ ಮಾಡುವುದೂ ಕಷ್ಟವಾಗುತ್ತದೆ. ಕನ್ನಡದಲ್ಲಿ ಇರೋದ್ರಿಂದಲೇ ಅವರು ಫೋನ್ ಮುಟ್ಟೋದು. ಅಲ್ಲದೆ ಫೋನಿನ ಭಾಷೆಯನ್ನೇ ಹಿಡಿಯುವುದಾದರೆ ಕನ್ನಡ ಬರಬೇಕಿತ್ತು, ಇಲ್ಲ ಇಂಗ್ಲಿಷ್. ಚೀನೀ ಎಲ್ಲಿಂದ ಬಂತು?

---

ಶಾಂತಾ, ಮುಲುಂಡ್

ನಮ್ಮಲ್ಲೂ ಹೀಗೇ ಆಗಿತ್ತು ಸುಮಾ. ಬೆಲ್ ಏನು ಮಾಡಿದರೂ ವೈಫೈಗೆ ಸೇರುತ್ತಲೇ ಇರಲಿಲ್ಲ. ಕೊನೆಗೆ ಗೊತ್ತಾಯಿತು, ಈ ಬೆಲ್‌ಗಳಲ್ಲಿ ಜಾಸ್ತಿಯವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೂಟರಿನಲ್ಲಿ 5 ಗಿಗಾಹರ್ಟ್ಸಿಗೆ ಬೇರೆ ಹೆಸರು ಕೊಟ್ಟ ಮೇಲೆ ಸರಿಹೋಯಿತು. ಅದನ್ನು ನೋಡಿ.

---

ಸುಮಾ, ಡೊಂಬಿವಲಿ

ಶಾಂತಕ್ಕ, ವೈಫೈ ಸರಿ ಇದೆ. ಚಿತ್ರ ಚೆನ್ನಾಗಿ ಬರ್ತಿದೆ. ತೊಂದರೆ ಭಾಷೆಯದ್ದು, ಆ ನಂಬರಿನದ್ದು.

---

ರಾಘವೇಂದ್ರ, ಕೊಥ್ರೂಡ್

ಅಕ್ಕಾರ, ನಾನು ಪುಣೆಯಲ್ಲಿ ಕ್ಯಾಮೆರಾ ಫಿಟ್ಟಿಂಗ್ ಕೆಲಸ ಮಾಡ್ತೀನಿ, ಧಾರವಾಡದವನು. ಮೊದಲು ಅವಸರದ್ದು ಹೇಳ್ತೀನಿ.

ಆ ಸಾಲಿನ ಅರ್ಥ: 98ರಿಂದ ಶುರುವಾಗಿ 37ರಲ್ಲಿ ಮುಗಿಯುವ ನಂಬರಿನವರು ಈ ಕ್ಯಾಮೆರಾ ನೋಡಲು ಅನುಮತಿ ಕೇಳಿದ್ದಾರೆ, ಒಪ್ಪುತ್ತೀರಾ? ಅದರ ಕೆಳಗೆ ಸಾಮಾನ್ಯವಾಗಿ 拒绝 ಮತ್ತು 同意 ಇರುತ್ತವೆ. ಮೊದಲನೆಯದು ಬೇಡ, ಎರಡನೆಯದು ಒಪ್ಪಿಗೆ. ಅತ್ತೆಯವರು ಒತ್ತಿದ ನೀಲಿ ಗುಂಡಿ 同意 ಆಗಿದ್ದರೆ, ನಿನ್ನೆ ಮಧ್ಯಾಹ್ನದಿಂದ ಆ ಮನುಷ್ಯನಿಗೆ ನಿಮ್ಮ ಬಾಗಿಲು ಕಾಣ್ತಿದೆ.

ಗಾಬರಿಯಾಗಿ ಸಿಕ್ಕಿದ್ದನ್ನೆಲ್ಲ ಒತ್ತಬೇಡಿ. ಒಂದೇ ಒಂದು ನೋಡಿ ಹೇಳಿ. ನಿಮ್ಮ ಫೋನಿನಲ್ಲಿ ಆ ಕ್ಯಾಮೆರಾದ ಸೆಟ್ಟಿಂಗ್ಸ್ ಒಳಗೆ ಶೇರ್ ಅನ್ನುವ ಸಾಲು ಇದೆಯೇ? ಚೀನೀ ಭಾಷೆಯಲ್ಲಾದರೆ 分享 ಅಂತ ಇರುತ್ತದೆ. ಇದ್ದರೆ ಕ್ಯಾಮೆರಾದ ಮಾಲೀಕರು ನೀವೇ, ನಿಮ್ಮ ಕೈಯಲ್ಲೇ ಎಲ್ಲಾ ಇದೆ. ಆ ಸಾಲೇ ಇಲ್ಲದಿದ್ದರೆ ನೀವೂ ಬರೀ ನೋಡುವವರು, ಮಾಲೀಕ ಬೇರೆ ಯಾರೋ.

---

ಮಂಜುನಾಥ, ವಾಸ್ಕೊ

ರಾಘವೇಂದ್ರ ಅವರು ಹೇಳಿದ್ದು ನೂರಕ್ಕೆ ನೂರು. ನನ್ನ ಕಥೆ ಇದೇ ಆಯಿತು. ವಾಸ್ಕೊದಲ್ಲಿ ನಮ್ಮದು ಸಣ್ಣ ಅಂಗಡಿ. ಕ್ಯಾಮೆರಾ ಹಾಕಿದವನು ತನ್ನ ಫೋನಿನಲ್ಲೇ ಸೇರಿಸಿ, ನನಗೆ ಶೇರ್ ಮಾಡಿ ಹೋದ. ಆರು ತಿಂಗಳು ನನಗೆ ಗೊತ್ತೇ ಆಗಲಿಲ್ಲ. ಚಿತ್ರ ಬರುತ್ತಿತ್ತು, ಸಾಕು ಅಂದುಕೊಂಡಿದ್ದೆ. ಒಂದು ದಿನ ಅಲರ್ಟ್ ಸಮಯ ಬದಲಿಸೋಣ ಅಂದರೆ ಸೆಟ್ಟಿಂಗ್ಸ್ ಎಲ್ಲಾ ಮಸುಕು. ಪಿನ್ ಚುಚ್ಚಿ ರೀಸೆಟ್ ಮಾಡಿ ಹೊಸದಾಗಿ ಸೇರಿಸಲು ನೋಡಿದೆ. ಆಗ ಬಂದ ಸಾಲು:

```
设备已被其他账号绑定
```

ಇದು ಬೇರೆ ಅಕೌಂಟಿಗೆ ಕಟ್ಟಿಕೊಂಡಿದೆ ಅಂತ ಅರ್ಥ. ರೀಸೆಟ್ ಮಾಡಿದರೆ ಕ್ಯಾಮೆರಾದೊಳಗಿನ ವೈಫೈ ಪಾಸ್‌ವರ್ಡ್ ಹೋಗುತ್ತದೆ, ಆದರೆ ಇದು ಯಾರದು ಅನ್ನುವ ಲೆಕ್ಕ ಕಂಪನಿಯ ಸರ್ವರಿನಲ್ಲಿ ಹಾಗೇ ಇರುತ್ತದೆ. ಕೊನೆಗೆ ಆ ಮನುಷ್ಯನನ್ನು ಹುಡುಕಿ, ಎದುರಿಗೆ ಕೂರಿಸಿ, ಅವನ ಫೋನಿನಿಂದಲೇ ತೆಗೆಸಬೇಕಾಯಿತು. ಅವನು ಸಿಗದೇ ಹೋಗಿದ್ದರೆ ಬಿಲ್ಲು, ಕ್ಯಾಮೆರಾದ ಹಿಂದಿನ ಸೀರಿಯಲ್ ನಂಬರಿನ ಫೋಟೋ ಕಳಿಸಿ ಕಂಪನಿಯವರನ್ನು ಕೇಳಬೇಕಿತ್ತು.

---

ಸುಮಾ, ಡೊಂಬಿವಲಿ

ಶೇರ್ ಇದೆ! ಅದರೊಳಗೆ ಒಂದೇ ಹೆಸರು, 98******37. ಅದರ ಪಕ್ಕದ ದಿನಾಂಕ ನಿನ್ನೆಯದೇ.

ಬಿಲ್ಲು ತೆಗೆದು ನೋಡಿದೆ. ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟ ನಂಬರು, ಬೆಲ್ ಹಾಕಿದ ಹುಡುಗನದು. 98ರಿಂದ ಶುರು, 37ಕ್ಕೆ ಮುಗಿಯುತ್ತದೆ. ಕೈ ನಡುಗುತ್ತಿದೆ. ಈಗಲೇ ತೆಗೆದುಬಿಡಲೇ?

---

ರಾಘವೇಂದ್ರ, ಕೊಥ್ರೂಡ್

ತೆಗೀರಿ. ಅದಕ್ಕೂ ಮೊದಲು ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ನಂಬರು, ದಿನಾಂಕ ಎರಡೂ ಕಾಣುವಂತೆ. ನಾಳೆ ಅಂಗಡಿಯಲ್ಲಿ ಮಾತಾಡಲು ಬೇಕಾಗುತ್ತದೆ.

ನಿಮ್ಮ ಫೋನಿನಿಂದಲೇ ಮಾಡಿ, ಇಂಗ್ಲಿಷಿನಲ್ಲಿದೆಯಲ್ಲ. ಅತ್ತೆಯವರ ಫೋನಿನಿಂದ ಬೇಡ. ಯಾಕೆ ಅಂದ್ರೆ ಈ ಆ್ಯಪ್‌ಗಳಲ್ಲಿ ಜನರನ್ನು ತೆಗೆಯುವ ಗುಂಡಿಯೂ ಕೆಂಪು, ಕ್ಯಾಮೆರಾವನ್ನೇ ತೆಗೆಯುವ ಗುಂಡಿಯೂ ಕೆಂಪು. ಚೀನೀ ಓದಲು ಬರಬೇಕಾಗಿಲ್ಲ, ಅಕ್ಷರ ಎಣಿಸಿದರೆ ಸಾಕು. 删除 ಅಂತ ಎರಡೇ ಅಕ್ಷರ ಇದ್ದರೆ ಅಳಿಸು ಅಂತ, ಯಾವ ಸಾಲಿನ ಮೇಲಿದ್ದೀರೋ ಅದನ್ನು. 删除设备 ಅಂತ ನಾಲ್ಕಿದ್ದರೆ ಹುಷಾರು. ಕೊನೆಯ 设备 ಅಂದ್ರೆ ಉಪಕರಣ, ಅಂದರೆ ಕ್ಯಾಮೆರಾ. ಅದನ್ನು ಒತ್ತಿದರೆ ಬೆಲ್ಲೇ ನಿಮ್ಮ ಅಕೌಂಟಿನಿಂದ ಹೋಗುತ್ತದೆ, ಮತ್ತೆ ಮೊದಲಿನಿಂದ ಸೇರಿಸಬೇಕು. 解绑 ಅಂತ ಕಂಡರೂ ಅದೇ, ಕಟ್ಟು ಬಿಚ್ಚುವುದು.

---

ಸುಮಾ, ಡೊಂಬಿವಲಿ

ತೆಗೆದೆ. ಪಟ್ಟಿ ಖಾಲಿಯಾಯಿತು. ಪಾಸ್‌ವರ್ಡ್ ಕೂಡ ಬದಲಿಸಿದೆ.

ನೀವು ಹೇಳಿದ ಆ ಎರಡು ಕೆಂಪು ಗುಂಡಿಗಳನ್ನು ಅತ್ತೆಯ ಫೋನಿನಲ್ಲಿ ಸುಮ್ನೆ ನೋಡಿದೆ, ಒತ್ತಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿನಲ್ಲಿ ಕನ್ನಡಕ್ಕೆ ತಂದರೆ ನನಗೆ ಎರಡೂ ಕಡೆ ‘ಅಳಿಸಿ’ ಅಂತಲೇ ಬಂತು. ಅದನ್ನು ನಂಬಿ ಒತ್ತಿದ್ದರೆ ಕೆಟ್ಟೇಹೋಗುತ್ತಿತ್ತು. ಇಂಗ್ಲಿಷಿಗೆ ತಂದಾಗ ವ್ಯತ್ಯಾಸ ಕಾಣಿಸಿತು.

ಇನ್ನೊಂದು ಚಿಂತೆ. ಆ ಹುಡುಗ ಒಂದು ದಿನ ಪೂರ್ತಿ ನೋಡಿರಬಹುದಲ್ವಾ? ಈಗ ತೆಗೆದರೆ ಅವನ ಹತ್ತಿರ ಏನು ಉಳಿಯುತ್ತದೆ?

---

ರಾಘವೇಂದ್ರ, ಕೊಥ್ರೂಡ್

ಲೈವ್ ನೋಡುವುದು ನಿಂತಿತು. ನಿಮ್ಮ ಮೆಮೊರಿ ಕಾರ್ಡಿನಲ್ಲಿರುವ ಹಳೆಯ ರೆಕಾರ್ಡಿಂಗ್ ಕೂಡ ಆ ಶೇರ್ ಮೂಲಕವೇ ಸಿಗುವುದು, ಅದೂ ನಿಂತಿತು. ಆದರೆ ಅವನು ಆಗಲೇ ತನ್ನ ಫೋನಿಗೆ ಇಳಿಸಿಕೊಂಡ ತುಣುಕು ಇದ್ದರೆ, ಅದನ್ನು ನೀವು ಇಲ್ಲಿಂದ ಅಳಿಸಲು ಆಗುವುದಿಲ್ಲ. ಅಂಗಡಿಯವರ ಎದುರಲ್ಲೇ ಅವನನ್ನು ಕೇಳಿ.

ಇನ್ನು ಭಾಷೆಯ ಮಾತು. ಕಿರಣ್ ಹೇಳಿದ್ದು ಅರ್ಧ ಸರಿ. ಆ್ಯಪ್ ಫೋನಿನ ಭಾಷೆಯನ್ನು ಕೇಳುತ್ತದೆ, ನಿಜ. ಆದರೆ ತನ್ನ ಹತ್ತಿರ ಇರುವುದನ್ನು ಮಾತ್ರ ಕೊಡಬಲ್ಲದು. ಅತ್ತೆಯವರ ಫೋನ್ ಕನ್ನಡ ಕೊಡು ಅಂತ ಕೇಳಿತು. ಆ್ಯಪಿನಲ್ಲಿ ಕನ್ನಡ ಇಲ್ಲ. ಬೇರೆ ಯಾವ ಭಾಷೆ ನಡೆಯುತ್ತದೆ ಅಂತ ಫೋನ್ ಹೇಳಲೂ ಇಲ್ಲ. ಆಗ ಆ್ಯಪ್ ತನ್ನ ಮೂಲ ಭಾಷೆಗೆ ಹೋಯಿತು. ಮಾಡಿದವರು ಚೀನಾದವರು, ಮೂಲ ಭಾಷೆ ಚೀನೀ. ಇಂಗ್ಲಿಷ್ ಅದರೊಳಗೇ ಇದೆ, ನಿಮ್ಮ ಫೋನಿನಲ್ಲಿ ಕಾಣ್ತಿದೆಯಲ್ಲ. ಕೇಳುವವರಿರಲಿಲ್ಲ, ಅಷ್ಟೇ.

ಮದ್ದು ಸುಲಭ. ಫೋನಿನ ಕನ್ನಡ ಹಾಗೇ ಇರಲಿ. ಆಂಡ್ರಾಯ್ಡ್ 7ರಿಂದ ಈಚೆಗೆ ಒಂದೇ ಫೋನಿನಲ್ಲಿ ಹಲವು ಭಾಷೆ ಸಾಲಾಗಿ ಇಡಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಭಾಷೆಗಳು, ಅಲ್ಲಿ ಭಾಷೆ ಸೇರಿಸು ಅಂತ ಇದೆ. ಕೆಲವು ಕಂಪನಿಯ ಫೋನುಗಳಲ್ಲಿ ಜಾಗ ಸ್ವಲ್ಪ ಬೇರೆ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಅಂತ ಹುಡುಕಿದರೆ ಸಿಗುತ್ತದೆ. ಕನ್ನಡ ಒಂದನೆಯದು, ಇಂಗ್ಲಿಷ್ ಎರಡನೆಯದು. ಆ್ಯಪ್ ಮುಚ್ಚಿ ತೆರೆಯಿರಿ. ಕನ್ನಡ ಇಲ್ಲದ ಆ್ಯಪ್ ಇಂಗ್ಲಿಷಿಗೆ ಬರುತ್ತದೆ, ಬೇರೆ ಎಲ್ಲಾ ಕನ್ನಡದಲ್ಲೇ ಉಳಿಯುತ್ತದೆ.

---

ಕಿರಣ್, ಅಂಧೇರಿ

ಇದು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಆಂಡ್ರಾಯ್ಡ್ 13ರಲ್ಲಿ ಒಂದೊಂದು ಆ್ಯಪಿಗೂ ಬೇರೆ ಬೇರೆ ಭಾಷೆ ಕೊಡಬಹುದಲ್ಲ? ಆ್ಯಪ್ ಭಾಷೆಗಳು ಅಂತ ಇದೆ. ಅದು ಇನ್ನೂ ನೇರ ಅಲ್ವಾ?

---

ರಾಘವೇಂದ್ರ, ಕೊಥ್ರೂಡ್

ಇದೆ. ಆದರೆ ತನಗೆ ಯಾವ ಯಾವ ಭಾಷೆ ಬರುತ್ತದೆ ಅಂತ ಆ್ಯಪ್ ಮೊದಲೇ ಹೇಳಿಕೊಂಡಿದ್ದರೆ ಮಾತ್ರ ಆ ಪಟ್ಟಿಯಲ್ಲಿ ಕಾಣುತ್ತದೆ. ಸಣ್ಣ ಕ್ಯಾಮೆರಾ ಆ್ಯಪ್‌ಗಳು ಅಲ್ಲಿ ಕಾಣದೇ ಇರುವುದೇ ಜಾಸ್ತಿ. ಕಂಡರೆ ಅದನ್ನೇ ಬಳಸಿ, ಕಾಣದಿದ್ದರೆ ಎರಡನೇ ಭಾಷೆ ಸೇರಿಸಿ.

---

ಸುಮಾ, ಡೊಂಬಿವಲಿ

ಪಟ್ಟಿಯಲ್ಲಿ ನಮ್ಮ ಆ್ಯಪ್ ಇಲ್ಲ. ಎರಡನೇ ಭಾಷೆ ಸೇರಿಸಿದೆ. ಆ್ಯಪ್ ತೆರೆದ ಕೂಡಲೇ ಇಂಗ್ಲಿಷ್! ಅತ್ತೆಯ ಫೋನಿನ ಉಳಿದದ್ದೆಲ್ಲ ಕನ್ನಡದಲ್ಲೇ ಇದೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಈಗ ಫೋನಿನಲ್ಲಿ ಏನು ಬಂದರೂ ನನಗೆ ಅಕ್ಷರ ಅಕ್ಷರ ಓದಿ ಹೇಳಬಲ್ಲರು, ಎಬಿಸಿಡಿ ಗೊತ್ತು. ಅಷ್ಟು ಸಾಕು.

ಆದರೆ ಅಲರ್ಟ್ ಇನ್ನೂ ಚೀನೀ ಭಾಷೆಯಲ್ಲೇ ಬರುತ್ತಿದೆ. ಅತ್ತೆಗೆ ಮಾತ್ರ ಅಲ್ಲ, ನನ್ನ ಫೋನಿಗೂ. ಭಾನುವಾರ ನನಗೆ ಇಂಗ್ಲಿಷಿನಲ್ಲೇ ಬರುತ್ತಿತ್ತು. ದಿನಕ್ಕೆ ಐವತ್ತು ಅರವತ್ತು ಬರುತ್ತವೆ ಅಂತ ನಾನು ನೋಡುವುದನ್ನೇ ಬಿಟ್ಟಿದ್ದೆ. ಅದಕ್ಕೇ ಆ ಅನುಮತಿಯ ಮೆಸೇಜೂ ನನ್ನ ಕಣ್ಣಿಗೆ ಬೀಳಲಿಲ್ಲ.

---

ರಾಘವೇಂದ್ರ, ಕೊಥ್ರೂಡ್

ಅಲರ್ಟಿನ ಮಾತು ನಿಮ್ಮ ಫೋನಿನಲ್ಲಿ ತಯಾರಾಗುವುದಲ್ಲ, ಸರ್ವರಿನಲ್ಲಿ ತಯಾರಾಗಿ ಬರುತ್ತದೆ. ಲಾಗಿನ್ ಆಗುವಾಗ ಫೋನ್ ಯಾವ ಭಾಷೆ ಹೇಳಿತೋ ಅದನ್ನು ಅಕೌಂಟಿನ ಮುಂದೆ ಬರೆದಿಟ್ಟುಕೊಳ್ಳುತ್ತಾರೆ. ನಿಮ್ಮದು ಒಂದೇ ಅಕೌಂಟ್, ಎರಡು ಫೋನ್. ಕೊನೆಗೆ ಲಾಗಿನ್ ಆದದ್ದು ಅತ್ತೆಯವರ ಫೋನಿನಿಂದ. ಹಾಗಾಗಿ ಇಬ್ಬರಿಗೂ ಚೀನೀ. ಎಲ್ಲಾ ಆ್ಯಪ್‌ಗಳಲ್ಲೂ ಹೀಗೇ ಅಂತ ಹೇಳಲಾರೆ, ನಾನು ಹಾಕುವ ಎರಡು ಮೂರರಲ್ಲಿ ಹೀಗೇ ಇದೆ. ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ ನೋಡಿ.

ಆದರೆ ನಿಜವಾಗಿ ಮಾಡಬೇಕಾದ್ದು ಬೇರೆ. ಅತ್ತೆಯವರ ಫೋನಿನಲ್ಲಿ ನಿಮ್ಮ ಅಕೌಂಟ್ ಇರಲೇಬಾರದು. ಮಾಲೀಕರ ಅಕೌಂಟ್ ಎಷ್ಟು ಫೋನಿನಲ್ಲಿದೆಯೋ ಅಷ್ಟೂ ಫೋನಿಗೆ ಅನುಮತಿಯ ಚೌಕ ಬರುತ್ತದೆ, ಅಷ್ಟೂ ಫೋನಿನಿಂದ ಕ್ಯಾಮೆರಾ ಅಳಿಸಬಹುದು, ಕಾರ್ಡ್ ಖಾಲಿ ಮಾಡಬಹುದು. ಅತ್ತೆಯವರಿಗೆ ಅವರ ನಂಬರಿನಲ್ಲೇ ಬೇರೆ ಅಕೌಂಟ್ ಮಾಡಿ, ನೀವು ಅದಕ್ಕೆ ಶೇರ್ ಮಾಡಿ. ಆಗ ಅವರಿಗೆ ಬೆಲ್ ಬಂದದ್ದು ಕಾಣುತ್ತದೆ, ಮಾತಾಡಬಹುದು. ಯಾರಾದರೂ ಅನುಮತಿ ಕೇಳಿದರೆ ಅದು ನಿಮಗೆ ಮಾತ್ರ ಬರುತ್ತದೆ.

ಶೇರ್ ಮಾಡುವಾಗ ಒಂದು ಗಮನಿಸಿ. ಕೆಲವು ಆ್ಯಪ್‌ಗಳಲ್ಲಿ ಎರಡು ದಾರಿ ಇರುತ್ತವೆ. ಒಂದು ಮನೆಯ ಸದಸ್ಯರಾಗಿ ಸೇರಿಸುವುದು, ಇನ್ನೊಂದು ಈ ಒಂದು ಕ್ಯಾಮೆರಾ ಮಾತ್ರ ಹಂಚುವುದು. ಸದಸ್ಯರಿಗೆ ಮನೆಯ ಎಲ್ಲಾ ಉಪಕರಣ ಕಾಣುತ್ತವೆ, ಮುಂದೆ ನೀವು ಹಾಲಿಗೆ ಕ್ಯಾಮೆರಾ ತಂದರೆ ಅದೂ ಕೂಡ. ಅತ್ತೆಯವರಿಗೆ ಪರವಾಗಿಲ್ಲ, ಹೊರಗಿನವರಿಗೆ ಮೊದಲನೆಯದನ್ನು ಯಾವತ್ತೂ ಕೊಡಬೇಡಿ.

---

ಜಯಂತ, ಮಾಟುಂಗಾ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಎದುರು ಮನೆಯ ಬಾಗಿಲು ನಮ್ಮಿಂದ ಐದಾರು ಅಡಿ. ಎದುರಿನವರು ಬೆಲ್ ಕ್ಯಾಮೆರಾ ಹಾಕಿದ ಮೇಲೆ ನಮ್ಮ ಬಾಗಿಲು ತೆರೆದಾಗಲೆಲ್ಲ ನಮ್ಮ ಹಾಲ್ ಅವರ ಫೋನಿನಲ್ಲಿ. ಅವರು ಯಾರಿಗೆ ಶೇರ್ ಮಾಡಿದ್ದಾರೋ ನಮಗೇನು ಗೊತ್ತು? ಸೊಸೈಟಿಯಲ್ಲಿ ಹೇಳಿದರೆ ಪ್ಯಾಸೇಜ್ ಎಲ್ಲರದ್ದು ಅನ್ನುತ್ತಾರೆ. ಸುಮಾ ಅವರೇ, ನಿಮ್ಮ ಎದುರು ಮನೆಯವರನ್ನೂ ಒಮ್ಮೆ ಕೇಳಿ ನೋಡಿ.

---

ಸುಮಾ, ಡೊಂಬಿವಲಿ

ಜಯಂತ ಅವರೇ, ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ಬಂದು ಹೋದ ಅಲರ್ಟುಗಳನ್ನು ಕೂತು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಎದುರು ಮನೆಯ ಕುಲಕರ್ಣಿ ಕಾಕೂ ಬಾಗಿಲು ತೆರೆದು ಹಾಕಿದ್ದು, ಅವರ ಮೊಮ್ಮಗ ಶಾಲೆಯಿಂದ ಬಂದದ್ದು. ಅಷ್ಟೂ ಆ ಹುಡುಗನಿಗೂ ಕಂಡಿರಬಹುದು. ಸಂಜೆ ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

---

ರಾಘವೇಂದ್ರ, ಕೊಥ್ರೂಡ್

ಹೇಳಿ. ಜೊತೆಗೆ ಎರಡು ಬದಲಾವಣೆ ಮಾಡಿ. ಅಲರ್ಟ್ ಸೆಟ್ಟಿಂಗಿನಲ್ಲಿ ಈಗ ಏನು ಅಲುಗಾಡಿದರೂ ಅಂತ ಇರಬಹುದು, ಚೀನೀ ಭಾಷೆಯಲ್ಲಿ 移动侦测. ಅದರ ಹತ್ತಿರ 人形 ಇರುವ ಸಾಲು ಇದ್ದರೆ ಮನುಷ್ಯ ಕಂಡರೆ ಮಾತ್ರ ಅಂತ. ಅದನ್ನು ಹಾಕಿ. ಆಮೇಲೆ ಪತ್ತೆ ಮಾಡುವ ಜಾಗವನ್ನು ಬೆರಳಿನಲ್ಲಿ ಎಳೆದು ನಿಮ್ಮ ಕಾಲೊರೆಸು ಇರುವಷ್ಟಕ್ಕೆ ಇಳಿಸಿ. ಎದುರು ಬಾಗಿಲಿಗೆ ಅಲರ್ಟ್ ಬರುವುದಿಲ್ಲ. ಆದರೆ ಜಯಂತ ಅವರ ಮಾತಿಗೆ ಇದು ಪೂರ್ತಿ ಉತ್ತರ ಅಲ್ಲ. ಅಲರ್ಟ್ ನಿಂತರೂ ಲೈವ್ ತೆರೆದರೆ ಎದುರು ಬಾಗಿಲು ಕಾಣುತ್ತಲೇ ಇರುತ್ತದೆ. ಆ ಭಾಗವನ್ನು ಕಪ್ಪು ಮಾಡುವ ಸೌಕರ್ಯ ಎಲ್ಲಾ ಬೆಲ್‌ಗಳಲ್ಲಿ ಇಲ್ಲ. ಇಲ್ಲದಿದ್ದರೆ ಹಿಂದೆ ಓರೆ ಪಟ್ಟಿ ಇಟ್ಟು ಬೆಲ್ಲನ್ನು ಲಿಫ್ಟಿನ ಕಡೆ ತಿರುಗಿಸಿ ಹಾಕಬೇಕು.

---

ಸುಮಾ, ಡೊಂಬಿವಲಿ

ಮೂರು ದಿನ ಆಯಿತು, ಆದದ್ದು ಹೇಳುತ್ತೇನೆ.

ಅತ್ತೆಗೆ ಬೇರೆ ಅಕೌಂಟ್ ಮಾಡುವುದರಲ್ಲಿ ಒಂದು ಸಂಜೆ ಹೋಯಿತು. ನನ್ನ ಫೋನಿನಿಂದ ಶೇರ್ ಮಾಡಲು ಅವರದನ್ನು ಹಾಕಿದರೆ ಅಂಥ ಅಕೌಂಟೇ ಇಲ್ಲ ಅನ್ನುತ್ತಿತ್ತು. ಮೂರು ಸಲ ನೋಡಿದೆ, ಒಂದು ಅಕ್ಷರವೂ ತಪ್ಪಿರಲಿಲ್ಲ. ಆಮೇಲೆ ಗೊತ್ತಾಯಿತು. ಒಟಿಪಿ ಬರಲಿಲ್ಲ ಅಂತ ಇಮೇಲ್ ಹಾಕಿ ಮಾಡಿದ್ದೆವು. ಆ ಪುಟದ ಮೇಲೆ ಸಣ್ಣದಾಗಿ ದೇಶ ಅಂತ ಇತ್ತು. ಹೊಸ ಅಕೌಂಟ್ ಮಾಡುವ ಆ ಪುಟದಲ್ಲಿ ಅದು ತಾನಾಗಿ ಚೀನಾ, +86 ಅಂತ ಬಂದಿತ್ತು. ಒಟಿಪಿ ಬರದೇ ಇದ್ದದ್ದೂ ಅದಕ್ಕೇ. ಅತ್ತೆಯ ಅಕೌಂಟ್ ಚೀನಾದ ಸರ್ವರಿನಲ್ಲಿ ಹುಟ್ಟಿತ್ತು, ನನ್ನದು ಭಾರತದ ಲೆಕ್ಕದಲ್ಲಿ. ಒಂದಕ್ಕೊಂದು ಕಾಣುವುದಿಲ್ಲ. ದೇಶ ಭಾರತ, +91 ಮಾಡಿ ಅತ್ತೆಯ ನಂಬರಿನಲ್ಲಿ ಹೊಸದಾಗಿ ಮಾಡಿದೆ. ಒಟಿಪಿ ಬಂತು, ಶೇರ್ ಆಯಿತು.

ಅಂಗಡಿಗೂ ಹೋಗಿದ್ದೆವು. ಸ್ಕ್ರೀನ್‌ಶಾಟ್ ತೋರಿಸಿದ ಮೇಲೆ ಹುಡುಗನನ್ನು ಕರೆದರು. ಸರ್ವಿಸ್ ಕಾಲ್ ಬಂದರೆ ಮನೆಗೆ ಬರದೇ ನೋಡಲು ಎಲ್ಲಾ ಗಿರಾಕಿಗಳದ್ದೂ ಹೀಗೇ ಸೇರಿಸಿಕೊಳ್ಳುತ್ತೇನೆ ಅಂದ. ಕೇಳದೆ ಯಾಕೆ ಅಂದರೆ, ಕೇಳಿದ್ದೆನಲ್ಲ, ನೀವೇ ಒಪ್ಪಿದ್ದೀರಿ ಅಂದ. ಓದಲು ಬಾರದ ಭಾಷೆಯಲ್ಲಿ ಅತ್ತೆ ಒಪ್ಪಿದ್ದನ್ನು ಒಪ್ಪಿಗೆ ಅಂತ ನಾನು ಒಪ್ಪಲಾರೆ. ಅವನ ಗ್ಯಾಲರಿಯಲ್ಲಿ ನಮ್ಮ ಮನೆಯದು ಏನೂ ಇರಲಿಲ್ಲ. ಅವನು ಹೇಳಿದ್ದು ನಿಜವೋ ಅಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ. ಬೇರೆ ಗಿರಾಕಿಗಳಿಗೂ ಹೇಳಿ ಅಂತ ಅಂಗಡಿಯವರಿಗೆ ಬರೆದು ಕೊಟ್ಟು ಬಂದಿದ್ದೇವೆ.

ಅಲರ್ಟ್ ಈಗ ದಿನಕ್ಕೆ ಏಳೆಂಟು, ಇಂಗ್ಲಿಷಿನಲ್ಲಿ. ಅತ್ತೆಗೆ ಒಂದು ಗುರುತು ಹೇಳಿಕೊಟ್ಟಿದ್ದೇನೆ. ಚೌಕ ಕನ್ನಡದಲ್ಲಿ ಬಂದರೆ ಫೋನ್ ಕೇಳುತ್ತಿದೆ, ಬೇರೆ ಭಾಷೆಯಲ್ಲಿ ಬಂದರೆ ಆ್ಯಪ್ ಕೇಳುತ್ತಿದೆ. ಆ್ಯಪ್ ಕೇಳಿದರೆ ಯಾವ ಬಣ್ಣವನ್ನೂ ಒತ್ತುವುದು ಬೇಡ. ಪವರ್ ಗುಂಡಿ, ವಾಲ್ಯೂಮ್ ಇಳಿಸುವ ಗುಂಡಿ ಒಟ್ಟಿಗೆ ಒತ್ತಿ ಫೋಟೋ ತೆಗೆದು ನನಗೆ ಕಳಿಸುವುದು. ನಿನ್ನೆ ಅಪ್‌ಡೇಟಿನ ಚೌಕ ಬಂದಾಗ ಹಾಗೇ ಮಾಡಿದರು.

ಉಳಿದದ್ದು ಒಂದೇ. ಬೆಲ್ ಒತ್ತಿದಾಗ ಬಾಗಿಲ ಹೊರಗೆ ಅದು ಹೇಳುವ ಮಾತು ಇನ್ನೂ ಚೀನೀ. ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ಭಾಷೆ ಅಂತ ಎಲ್ಲೂ ಕಾಣುತ್ತಿಲ್ಲ.

---

ರಾಘವೇಂದ್ರ, ಕೊಥ್ರೂಡ್

ಆ ಧ್ವನಿ ಬೆಲ್ಲಿನೊಳಗೇ ತುಂಬಿ ಬಂದಿರುತ್ತದೆ ಅಕ್ಕಾರ, ಆ್ಯಪಿನ ಭಾಷೆಗೂ ಅದಕ್ಕೂ ಸಂಬಂಧ ಇಲ್ಲ. ಕೆಲವು ಮಾದರಿಗಳಲ್ಲಿ ಉಪಕರಣದ ಭಾಷೆ, 设备语言, ಅಂತ ಸಾಲು ಇರುತ್ತದೆ. ನಿಮ್ಮದರಲ್ಲಿ ಇಲ್ಲ ಅಂದರೆ ಚೀನಾದಲ್ಲೇ ಮಾರಲು ಮಾಡಿದ ಮಾದರಿ ಇರಬಹುದು. ಪೆಟ್ಟಿಗೆಯ ಕೆಳಗಿನ ಮಾದರಿ ನಂಬರು ಕಳಿಸಿ, ನೋಡ್ತೀನಿ. ಅಲ್ಲಿಯವರೆಗೆ ಹೊರಗಿನ ಸ್ಪೀಕರ್ ಸದ್ದು ಕಡಿಮೆ ಮಾಡಿ, ಒಳಗಿನ ಟಿಂಗ್ ಟಾಂಗ್ ಮಾತ್ರ ಇಟ್ಟುಕೊಳ್ಳಿ.

---

ಶಾಂತಾ, ಮುಲುಂಡ್

ಇದೆಲ್ಲ ಓದಿ ನಮ್ಮ ಬೆಲ್ಲಿನ ಶೇರ್ ಪಟ್ಟಿ ಈಗಷ್ಟೇ ತೆರೆದೆ. ಎರಡು ನಂಬರ್ ಇವೆ. ಒಂದು ಮಗನದು. ಇನ್ನೊಂದು ಯಾರದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸ್ಕ್ರೀನ್‌ಶಾಟ್ ತೆಗೆದಿದ್ದೇನೆ, ಈಗ ಬಿಲ್ಲು ಹುಡುಕುತ್ತಿದ್ದೇವೆ.